ಹಾಸ್ಟೆಲಿಗೆ ಹೊರಟ ಮಗಳಿಗೆ ಅಪ್ಪ ಬರೆಯುವ ಕವಿತೆ: ಹನ್ನೆರಡು ಸಾಲುಗಳನ್ನು ಕಟ್ಟುವ ಕ್ರಮ

ಮಗಳು ಓದಿಗಾಗಿ ಮನೆ ಬಿಟ್ಟು ಹಾಸ್ಟೆಲಿಗೆ ಹೊರಡುವ ಹೊತ್ತಿಗೆ ಅಪ್ಪಂದಿರು ಬರೆಯುವ ಕವಿತೆಗಳು ಬಹುಮಟ್ಟಿಗೆ ಎರಡು ದಾರಿಯಲ್ಲಿ ಕೆಡುತ್ತವೆ. ಒಂದೋ ಅವು ಬುದ್ಧಿಮಾತಿನ ಪಟ್ಟಿಯಾಗುತ್ತವೆ, ಇಲ್ಲವೇ ಮದುವೆಯ ಬೀಳ್ಕೊಡುಗೆಯ ಹಾಡಾಗುತ್ತವೆ. ಎರಡನೆಯದು ಹೆಚ್ಚು ಮೋಸದ್ದು, ಏಕೆಂದರೆ ಬರೆಯುವವನಿಗೆ ಅದು ಗೊತ್ತಾಗುವುದೇ ಇಲ್ಲ. ಹೆಣ್ಣುಮಗಳು ಮನೆಯಿಂದ ಹೊರಡುವುದನ್ನು ಕುರಿತು ನಮ್ಮ ಭಾಷೆಯಲ್ಲಿ ಸಿದ್ಧವಾಗಿ ಸಿಗುವ ಮಾತುಗಳೆಲ್ಲ ಗಂಡನ ಮನೆಗೆ ಹೋಗುವ ಮಗಳಿಗಾಗಿ ಹುಟ್ಟಿದವು: ತವರು, ಹೆತ್ತ ಕರುಳು, ಹೊಸಿಲು ದಾಟುವುದು, ಕಣ್ಣೀರಿನ ಕೋಡಿ. ರಜೆ ಬಂದೊಡನೆ ಒಗೆಯುವ ಬಟ್ಟೆಯ ಗಂಟಿನೊಂದಿಗೆ ಹಿಂದಿರುಗುವ, ತನ್ನ ಇಷ್ಟದ ಓದಿಗಾಗಿ ತಾನೇ ಆರಿಸಿಕೊಂಡು ಹೋಗುತ್ತಿರುವ ಹುಡುಗಿಗೆ ಈ ಮಾತುಗಳು ಹೊಂದುವುದಿಲ್ಲ. ಅವಳು ಅದನ್ನು ಓದಿ ನಗಬಹುದು, ಅಥವಾ ತಾನೇನೋ ತಪ್ಪು ಮಾಡಿ ಹೊರಟಿದ್ದೇನೆ ಎಂದು ಮುದುಡಬಹುದು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಬಗೆಯ ಕವಿತೆಯನ್ನು ತೆಗೆದುಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ತೋರಿಸುತ್ತೇನೆ. ಅದು ಹನ್ನೆರಡು ಸಾಲಿನದು, ನಾಲ್ಕು ಸಾಲಿನ ಮೂರು ನುಡಿಗಳದ್ದು, ಐದು ಮಾತ್ರೆಯ ಲಯದ್ದು. ಅಪ್ಪ ಮಗಳಿಗಾಗಿ ದಿನವೂ ಮಾಡುತ್ತಿದ್ದ, ಇನ್ನು ಮಾಡಬೇಕಾಗಿಲ್ಲದ ಒಂದು ಸಣ್ಣ ಕೆಲಸ ಅದರ ವಸ್ತು. ಹಿಂದೆ ಕವಿತೆ ಬರೆಯದವರಿಗೂ ಇದು ಸಾಧ್ಯ. ಆದರೆ ಹೊರಡುವ ಹಿಂದಿನ ರಾತ್ರಿ ಕುಳಿತು ಮುಗಿಸುವ ಕೆಲಸ ಇದಲ್ಲ, ಕನಿಷ್ಠ ಒಂದು ವಾರ ಕೈಯಲ್ಲಿರಲಿ.

ಮೊದಲ ಹಂತ: ನಿಂತುಹೋಗುವ ಕೆಲಸವನ್ನು ಹುಡುಕುವುದು

ಮಗಳ ಬಗ್ಗೆ ಬರೆಯಲು ಕುಳಿತಾಗ ಮನಸ್ಸು ಮೊದಲು ಓಡುವುದು ಅವಳ ಹುಟ್ಟಿನ ಕಡೆಗೆ, ಮೊದಲ ಹೆಜ್ಜೆಯ ಕಡೆಗೆ, ಶಾಲೆಯ ಮೊದಲ ದಿನದ ಕಡೆಗೆ. ಇವುಗಳನ್ನು ಬದಿಗಿಡಿ. ಇವು ಎಲ್ಲ ಮಕ್ಕಳಿಗೂ ಆಗಿರುತ್ತವೆ. ಜೊತೆಗೆ ಇವುಗಳಲ್ಲಿ ಇರುವವಳು ಎರಡು ವರ್ಷದ ಮಗು, ನಾಳೆ ಹಾಸ್ಟೆಲಿಗೆ ಹೋಗುವವಳು ಹದಿನೆಂಟರ ಹುಡುಗಿ. ಅವಳು ಕವಿತೆಯಲ್ಲಿ ತನ್ನನ್ನು ಹುಡುಕಿದಾಗ ಸಿಗಬೇಕಾದದ್ದು ಈಗಿನ ತಾನು.

ಬದಲಿಗೆ ಕಳೆದ ಒಂದು ವರ್ಷದ ಸಾಮಾನ್ಯ ದಿನವೊಂದನ್ನು ಬೆಳಗಿನಿಂದ ರಾತ್ರಿಯವರೆಗೆ ಕಾಗದದ ಮೇಲೆ ಬರೆಯಿರಿ, ಕವಿತೆಯಾಗಿ ಅಲ್ಲ, ಲೆಕ್ಕಪತ್ರದಂತೆ. ಅವಳಿಗಾಗಿ ನೀವು ಏನೇನು ಮಾಡುತ್ತೀರಿ? ಅಲಾರಂ ಹೊಡೆದ ಮೇಲೂ ಏಳದವಳನ್ನು ಎಬ್ಬಿಸುವುದು, ಅವಳ ಕೋಣೆಯಲ್ಲಿ ಉರಿಯುತ್ತಲೇ ಉಳಿದ ದೀಪವನ್ನು ಆರಿಸುವುದು, ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುವುದು, ಅವಳ ಕನ್ನಡಕ ಎಲ್ಲಿದೆ ಎಂದು ಹುಡುಕಿಕೊಡುವುದು. ಪಟ್ಟಿಯಲ್ಲಿ ಆರೇಳು ಬಂದರೆ ಸಾಕು. ಅವುಗಳಲ್ಲಿ ಒಂದನ್ನು ಆರಿಸಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಆ ಕೆಲಸದಲ್ಲಿ ಕೈಗೆ ಸಿಗುವ ಒಂದು ವಸ್ತು ಇದೆಯೇ? ಮಗಳು ಹೋದ ಮೇಲೆ ಆ ವಸ್ತು ಮನೆಯಲ್ಲೇ ಉಳಿಯುತ್ತದೆಯೇ? ಅದೇ ವಸ್ತು, ಅಥವಾ ಅದರ ಜೊತೆಯದು, ಅವಳ ಹೊಸ ಕೋಣೆಯಲ್ಲೂ ಇರುತ್ತದೆಯೇ? ಮೂರಕ್ಕೂ ಹೌದು ಎನ್ನುವ ಕೆಲಸ ಸಿಕ್ಕರೆ ಕವಿತೆಯ ಮೂರು ನುಡಿಗಳು ಅಲ್ಲೇ ಸಿಕ್ಕಂತೆ: ಇದ್ದದ್ದು, ಇನ್ನು ಇಲ್ಲಿ ಆಗುವುದು, ಇನ್ನು ಅಲ್ಲಿ ಆಗುವುದು.

ಉದಾಹರಣೆಗೆ ಒಬ್ಬ ತಂದೆಯನ್ನು ಕಲ್ಪಿಸಿಕೊಳ್ಳೋಣ. ಅವನ ಮಗಳು ಸಂಜೆಯ ತರಗತಿ ಮುಗಿಸಿ ರಾತ್ರಿ ಸೈಕಲ್ಲಿನಲ್ಲಿ ಬರುತ್ತಾಳೆ. ಅವಳು ಬರುವವರೆಗೆ ಅವನು ಮುಂಬಾಗಿಲಿಗೆ ಚಿಲಕ ಹಾಕುವುದಿಲ್ಲ, ಬಾಗಿಲ ಬಳಿಯೇ ಕೂತಿರುತ್ತಾನೆ, ಆದರೆ ಕಾಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಗಬಾರದೆಂದು ಸೈಕಲ್ಲಿನ ಸದ್ದು ಕೇಳಿದೊಡನೆ ಪತ್ರಿಕೆ ಕೈಗೆತ್ತಿಕೊಳ್ಳುತ್ತಾನೆ. ಚಿಲಕ ಒಂದು ವಸ್ತು, ಅದು ಮನೆಯಲ್ಲೇ ಉಳಿಯುತ್ತದೆ, ಹಾಸ್ಟೆಲಿನ ಕೋಣೆಗೂ ಒಂದು ಚಿಲಕ ಇರುತ್ತದೆ. ಇದಕ್ಕಿಂತ ಹೆಚ್ಚಿನ ಸಾಮಗ್ರಿ ಹನ್ನೆರಡು ಸಾಲಿಗೆ ಬೇಕಿಲ್ಲ.

ಪತ್ರಿಕೆ ಎತ್ತಿಕೊಳ್ಳುವ ಆ ಚಿಕ್ಕ ನಟನೆಯನ್ನು ಗಮನಿಸಿ. ಅಪ್ಪ ಮಗಳಿಗೆ ತೋರಿಸದೆ ಮಾಡಿದ್ದು ಅದು, ಬಹುಶಃ ಅವಳಿಗೆ ಗೊತ್ತಿದ್ದರೂ ಅವಳು ಹೇಳದೆ ಬಿಟ್ಟದ್ದು. ಇಂಥದ್ದೊಂದು ಸಿಕ್ಕರೆ ಅದನ್ನು ಬಿಡಬಾರದು. ಈ ಬಗೆಯ ಕವಿತೆಯ ಬಿಸಿ ಇರುವುದು ಅಲ್ಲಿಯೇ.

ಎರಡನೆಯ ಹಂತ: ಗದ್ಯದಲ್ಲಿ ಬರೆದುಕೊಳ್ಳುವುದು

ಛಂದಸ್ಸಿಗೆ ಕೈ ಹಾಕುವ ಮೊದಲು ಹೇಳಬೇಕಾದದ್ದನ್ನು ಆರೇಳು ಗದ್ಯವಾಕ್ಯಗಳಲ್ಲಿ ಇಳಿಸಿಕೊಳ್ಳಬೇಕು. ನಮ್ಮ ತಂದೆಯ ಗದ್ಯ ಹೀಗಿರಬಹುದು: ನೀನು ಬರುವವರೆಗೆ ಚಿಲಕ ಹಾಕುತ್ತಿರಲಿಲ್ಲ. ಬಾಗಿಲಲ್ಲಿ ಏನೋ ಕೆಲಸ ಇರುವವನ ಹಾಗೆ ಕೂತಿರುತ್ತಿದ್ದೆ. ಸೈಕಲ್ಲಿನ ಸದ್ದಾದರೆ ಪತ್ರಿಕೆ ಹಿಡಿಯುತ್ತಿದ್ದೆ. ಇನ್ನು ಎಂಟು ಗಂಟೆಗೇ ಚಿಲಕ ಬೀಳುತ್ತದೆ. ಅಭ್ಯಾಸಬಲದಿಂದ ನಾನು ಅದನ್ನು ಮತ್ತೆ ತೆಗೆಯಬಹುದು. ನಿನ್ನ ಕೋಣೆಯ ಚಿಲಕ ನಿನ್ನದು.

ಇಲ್ಲಿ ಎರಡು ನಿರ್ಧಾರ ಮಾಡಿಕೊಳ್ಳಬೇಕು. ಮೊದಲನೆಯದು, ಮಾತಾಡುವವನು ಯಾರು ಎಂಬುದು. ಅನೇಕ ಅಪ್ಪಂದಿರು ನಾಚಿಕೆಯಿಂದ ನಾವು ಎಂದು ಬರೆಯುತ್ತಾರೆ, ಇಲ್ಲವೇ ನಿನ್ನ ಅಮ್ಮ ಅಳುತ್ತಿದ್ದಾಳೆ ಎಂದು ಹೇಳಿ ತಮ್ಮ ಅಳುವನ್ನು ಅವಳ ಕಣ್ಣಿಗೆ ದಾಟಿಸುತ್ತಾರೆ. ಅಪ್ಪನ ಕವಿತೆಯಲ್ಲಿ ನಾನು ಎಂಬುದು ಅಪ್ಪನೇ ಆಗಿರಬೇಕು. ಎರಡನೆಯದು, ಮಗಳನ್ನು ಕರೆಯುವ ರೀತಿ. ಮನೆಯಲ್ಲಿ ಪುಟ್ಟಿ, ಚಿನ್ನಿ, ಅಮ್ಮಿ ಎಂದು ಕರೆಯುತ್ತಿದ್ದರೆ ಅದು ಕವಿತೆಯಲ್ಲಿ ಒಮ್ಮೆ ಬರಬಹುದು, ಆದರೆ ಮನೆಯಲ್ಲಿ ಎಂದೂ ಬಳಸದ ಓ ಮಗಳೇ, ಕಂದ ಎಂಬ ಸಂಬೋಧನೆಗಳು ಬಂದೊಡನೆ ದನಿ ನಿಮ್ಮದಾಗಿ ಉಳಿಯುವುದಿಲ್ಲ. ಬರಿಯ ನೀನು ಎಂಬುದೇ ಸಾಕಾಗುತ್ತದೆ. ಕೆಳಗಿನ ಕವಿತೆಯಲ್ಲಿ ಹಾಗೆಯೇ ಮಾಡಿದೆ.

ಮೂರನೆಯ ಹಂತ: ಮಾತ್ರೆ ಎಣಿಸುವುದು

ಛಂದಸ್ಸೇ ಬೇಡ, ಮುಕ್ತವಾಗಿ ಬರೆಯುತ್ತೇನೆ ಎನ್ನುವವರು ಬರೆಯಬಹುದು. ಆದರೆ ಮೊದಲ ಬಾರಿ ಬರೆಯುವವನಿಗೆ ಲಯದ ಕಟ್ಟು ಒಂದು ಉಪಕಾರ ಮಾಡುತ್ತದೆ. ಅದು ಅವನನ್ನು ಬಾಯಿಗೆ ಬಂದ ಮೊದಲ ಮಾತಿನಲ್ಲಿ ನಿಲ್ಲಲು ಬಿಡುವುದಿಲ್ಲ, ಎರಡನೆಯದನ್ನೂ ಮೂರನೆಯದನ್ನೂ ಹುಡುಕಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಮಾತ್ರಾಗಣವೇ ಸುಲಭ. ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರವನ್ನು ಹೇಳುವಷ್ಟು ಹೊತ್ತು, ಗಣ ಎಂದರೆ ಇಷ್ಟು ಮಾತ್ರೆಯೆಂದು ಎಣಿಸಿ ಮಾಡಿದ ಗುಂಪು.

ಲೆಕ್ಕ ಇಷ್ಟೇ. ಅ, ಇ, ಉ, ಎ, ಒ ಎಂಬ ಹ್ರಸ್ವ ಸ್ವರವುಳ್ಳ ಅಕ್ಷರ ಲಘು, ಅದಕ್ಕೆ 1 ಮಾತ್ರೆ. ದೀರ್ಘಸ್ವರವುಳ್ಳದ್ದು ಗುರು, ಅದಕ್ಕೆ 2. ಐ, ಔ ಕೂಡ ಗುರು. ಹ್ರಸ್ವವೇ ಆದರೂ ಮುಂದೆ ಒತ್ತಕ್ಷರ ಬಂದರೆ, ಅಥವಾ ಅಕ್ಷರಕ್ಕೆ ಸೊನ್ನೆಯೋ ವಿಸರ್ಗವೋ ಅರ್ಧಾಕ್ಷರವೋ ಅಂಟಿಕೊಂಡಿದ್ದರೆ ಅದೂ ಗುರುವಾಗುತ್ತದೆ. ಚಿಲಕ ಎಂಬಲ್ಲಿ 1+1+1, ಅಂದರೆ 3. ಕೂತಿದ್ದೆ ಎಂಬಲ್ಲಿ ಕೂ 2, ಮುಂದಿನ ಒತ್ತಿನಿಂದಾಗಿ ತಿ 2, ದ್ದೆ 1, ಒಟ್ಟು 5.

ನಾನು ಐದು ಮಾತ್ರೆಯ ಗಣವನ್ನು ಸೂಚಿಸುವುದಕ್ಕೆ ಕಾರಣವಿದೆ. ವಿಭಕ್ತಿ ಸೇರಿದ ಕನ್ನಡದ ಸಾಮಾನ್ಯ ಪದಗಳು ತಾವಾಗಿಯೇ ಐದು ಮಾತ್ರೆಗೆ ಬಂದು ನಿಲ್ಲುವುದು ಹೆಚ್ಚು: ಬಾಗಿಲಲಿ, ಪತ್ರಿಕೆಯ, ರಾತ್ರಿಯಲಿ, ಚಿಲಕವನು. ಲಲಿತ ರಗಳೆಯೂ ವಾರ್ಧಕ ಷಟ್ಪದಿಯೂ ಈ ಐದರ ಗಣದ ಮೇಲೆಯೇ ನಡೆಯುವುದರಿಂದ ಈ ನಡೆ ಕನ್ನಡದ ಕಿವಿಗೆ ಹಳೆಯ ಪರಿಚಯದ್ದು. ನಾಲ್ಕರ ಗಣ ಹೆಚ್ಚು ಚುರುಕು, ಅದರಲ್ಲಿ ಬರೆದರೆ ಶಿಶುಗೀತೆಯ ಕುಣಿತ ಬರುವ ಅಪಾಯವಿದೆ. ಐದರದ್ದು ತುಸು ತಡೆದು ನಡೆಯುತ್ತದೆ, ಈ ವಸ್ತುವಿಗೆ ಆ ತಡೆ ಬೇಕು.

ನುಡಿಯ ಒಂದನೆಯ ಮತ್ತು ಮೂರನೆಯ ಸಾಲಿಗೆ ಐದರ ನಾಲ್ಕು ಗಣ ಇಟ್ಟುಕೊಳ್ಳೋಣ. ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಐದರ ಮೂರು ಗಣ, ಕೊನೆಯಲ್ಲಿ ಮೂರು ಮಾತ್ರೆಯ ಒಂದು ತುಂಡು. ಆ ತುಂಡಿನ ಬಳಿ ಉಸಿರು ನಿಲ್ಲುತ್ತದೆ, ಪ್ರಾಸವೂ ಅಲ್ಲಿಯೇ ಬೀಳುತ್ತದೆ. ಹಳೆಯ ಕಾವ್ಯದ ಹಾಗೆ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಆದಿಪ್ರಾಸ ಹೊಂದಿಸಲು ಹೋಗಬೇಡಿ, ಎರಡು ಮತ್ತು ನಾಲ್ಕನೆಯ ಸಾಲುಗಳ ಅಂತ್ಯಪ್ರಾಸವೇ ಧಾರಾಳವಾಯಿತು.

ಈಗ ಗದ್ಯದ ಮೊದಲ ವಾಕ್ಯವನ್ನು ಈ ಅಚ್ಚಿಗೆ ಇಳಿಸೋಣ. ನೀನು ಬರುವವರೆಗೆ ಎಂಬುದು 2+1+1+1+1+1+1+1, ಗಣಕ್ಕೆ ಒಡೆಯುವುದಿಲ್ಲ. ನೀನು ಎಂಬುದನ್ನು ನೀ ಮಾಡಿ, ವರೆಗೆ ಎಂಬುದನ್ನು ತನಕವೂ ಮಾಡಿದರೆ ಸಾಲು ಕೂತುಕೊಳ್ಳುತ್ತದೆ.

ನೀ ಬರುವ | ತನಕವೂ | ಚಿಲಕವನು | ಹಾಕದೆಯೆ
2 1 1 1 | 1 1 1 2 | 1 1 1 1 1 | 2 1 1 1

ಇಂಗ್ಲಿಷಿನಿಂದ ಬಂದ ಪದಗಳನ್ನು ಕಾವ್ಯಕ್ಕೆ ತಕ್ಕವಲ್ಲವೆಂದು ದೂರವಿಡಬೇಕಾಗಿಲ್ಲ. ಮನೆಯಲ್ಲಿ ಸೈಕಲ್ಲು ಎನ್ನುವವನು ಕವಿತೆಯಲ್ಲಿ ದ್ವಿಚಕ್ರಿ ಎಂದರೆ ಮಗಳಿಗೆ ಅಪ್ಪ ಕಾಣುವುದಿಲ್ಲ. ಮಾತ್ರೆಯ ಮಟ್ಟಿಗೆ ಮಾತ್ರ ಎಚ್ಚರ ಬೇಕು: ಸೈಕಲು ಎಂದರೆ 4, ಸೈಕಲ್ಲು ಎಂದರೆ 5. ಹಾಸ್ಟೆಲಿನ ಎಂದರೆ 5, ಹಾಸ್ಟೆಲ್ಲಿನ ಎಂದರೆ 6. ಎರಡೂ ಬಗೆಯ ಉಚ್ಚಾರ ರೂಢಿಯಲ್ಲಿರುವುದರಿಂದ ಬೇಕಾದದ್ದನ್ನು ಆರಿಸಿಕೊಳ್ಳಬಹುದು.

ನಾಲ್ಕನೆಯ ಹಂತ: ಲೆಕ್ಕ ಸರಿ, ಸಾಲು ತಪ್ಪು

ಮಾತ್ರೆ ಹೊಂದಿತೆಂಬ ಸಂತೋಷದಲ್ಲಿ ಸಾಲನ್ನು ಒಪ್ಪಿಕೊಂಡುಬಿಡುವುದು ಹೊಸಬರು ಮಾತ್ರವಲ್ಲ, ಹಳಬರೂ ಬೀಳುವ ಹಳ್ಳ. ನಮ್ಮ ತಂದೆಯ ಎರಡನೆಯ ಸಾಲಿನ ಮೊದಲ ರೂಪ ಇದು ಎಂದುಕೊಳ್ಳಿ:

ಕಾತರದಿ | ಕಾಯುತ್ತ | ಕೂತಿದ್ದೆ | ನಾನು

5+5+5+3, ಲೆಕ್ಕದಲ್ಲಿ ಕೂದಲೆಳೆಯ ತಪ್ಪಿಲ್ಲ. ಆದರೂ ಸಾಲು ನಿರ್ಜೀವ. ಕಾತರ ಎಂದು ಹೇಳಿದ ಮೇಲೆ ಓದುವವಳಿಗೆ ಕಾಣಲು ಏನೂ ಉಳಿಯುವುದಿಲ್ಲ, ನಂಬಲು ಮಾತ್ರ ಉಳಿಯುತ್ತದೆ. ನಾನು ಎಂಬುದಂತೂ ಪ್ರಾಸದ ತುಂಡನ್ನು ತುಂಬಲು ಬಂದದ್ದು, ಇದ್ದೆ ಎಂಬಲ್ಲೇ ನಾನು ಇದ್ದಾನೆ. ಗದ್ಯಕ್ಕೆ ಹಿಂದಿರುಗಿ ನೋಡಿದರೆ ಅಲ್ಲಿ ಕಾತರ ಎಂಬ ಪದವೇ ಇಲ್ಲ, ಏನೋ ಕೆಲಸ ಇರುವವನ ಹಾಗೆ ಎಂದಿದೆ. ಅದನ್ನೇ ತರಬೇಕು:

ಕೂತಿದ್ದೆ | ಬಾಗಿಲಲಿ | ಕೆಲಸವಿರು | ವಂತೆ

ಕೆಲಸವಿರುವಂತೆ ಎಂಬ ಪದ ಗಣದ ನಡುವೆ ಒಡೆದಿದೆ, ಅದು ದೋಷವಲ್ಲ. ಎಲ್ಲ ಪದಗಳೂ ಗಣದ ಅಂಚಿನಲ್ಲೇ ಮುಗಿಯುತ್ತ ಹೋದರೆ ಓದು ಗಾಣದೆತ್ತಿನ ನಡೆಯಾಗುತ್ತದೆ. ನುಡಿಗೆ ಒಂದೆರಡು ಕಡೆ ಹೀಗೆ ಪದ ಅಂಚನ್ನು ದಾಟಿದರೆ ಒಳ್ಳೆಯದೇ. ಇರುವಂತೆ ಎಂಬುದು ಸಿಕ್ಕೊಡನೆ ನಾಲ್ಕನೆಯ ಸಾಲಿಗೆ ಓದುತಿರುವಂತೆ ಎಂಬ ಪ್ರಾಸವೂ ಸಿಗುತ್ತದೆ, ಮತ್ತು ಅದು ಕೇವಲ ಪ್ರಾಸವಲ್ಲ, ಎರಡು ನಟನೆಗಳನ್ನೂ ಅಕ್ಕಪಕ್ಕ ನಿಲ್ಲಿಸುತ್ತದೆ. ಹೀಗೆ ಅರ್ಥವೇ ಕರೆದುಕೊಂಡು ಬರುವ ಪ್ರಾಸ ಮಾತ್ರ ಉಳಿಯಲಿ. ನಾನು, ಬಾನು, ಜೇನು ಎಂದು ಪ್ರಾಸದ ಪದಗಳನ್ನು ಮೊದಲೇ ಸಾಲಾಗಿ ಬರೆದಿಟ್ಟುಕೊಂಡರೆ ಮಗಳ ಕವಿತೆಯಲ್ಲಿ ಕಾರಣವಿಲ್ಲದೆ ಜೇನು ಬರುತ್ತದೆ.

ಎರಡನೆಯ ನುಡಿಯಲ್ಲಿ ಬೇರೊಂದು ಬಗೆಯ ತೊಡಕು ಬರುತ್ತದೆ. ರಾತ್ರಿ ಬೇಗ ಚಿಲಕ ಹಾಕುವುದು ಕೈಗೆ ಇನ್ನೂ ರೂಢಿಯಾಗಿಲ್ಲ ಎಂದು ಹೇಳಬೇಕು. ಮೊದಲ ಪ್ರಯತ್ನ: ಕೈಗಿನ್ನು ಈ ಹೊತ್ತು ಅಭ್ಯಾಸವಿಲ್ಲ. ಮಾತ್ರೆ ಸರಿಯಾಗಿದೆ, ಆದರೆ ಸರಿಮಾಡಲು ಇನ್ನೂ ಎಂಬುದನ್ನು ಇನ್ನು ಎಂದು ಮೊಟಕುಗೊಳಿಸಲಾಗಿದೆ. ಇನ್ನೂ ಎಂದರೆ ಈವರೆಗೂ, ಇನ್ನು ಎಂದರೆ ಇಲ್ಲಿಂದ ಮುಂದೆ. ಒಂದು ದೀರ್ಘ ಕಳೆದುಹೋದದ್ದರಿಂದ ಅಪ್ಪ ಹೇಳಿದ್ದೇ ಬೇರೆಯಾಯಿತು. ಮಾತ್ರೆಗಾಗಿ ದೀರ್ಘವನ್ನು ಹ್ರಸ್ವ ಮಾಡುವಾಗ ಆ ಹ್ರಸ್ವರೂಪಕ್ಕೆ ಬೇರೆ ಅರ್ಥವಿದೆಯೇ ಎಂದು ಪ್ರತಿ ಬಾರಿಯೂ ನೋಡಬೇಕು. ಇಲ್ಲಿ ಆ ಪದವನ್ನೇ ಬಿಟ್ಟು, ಹೊಸ ವೇಳೆ ಎಂದು ತಂದರೆ ಕೆಲಸ ಆಗುತ್ತದೆ:

ಕೈಗೆ ಈ | ಹೊಸ ವೇಳೆ | ಅಭ್ಯಾಸ | ವಿಲ್ಲ
2 1 2 | 1 1 2 1 | 2 2 1 | 2 1

ಐದನೆಯ ಹಂತ: ಮೂರನೆಯ ನುಡಿಯಿಂದ ಬುದ್ಧಿಮಾತನ್ನು ಹೊರಗಿಡುವುದು

ಮೊದಲ ಎರಡು ನುಡಿಗಳನ್ನು ಸಂಯಮದಿಂದ ಬರೆದ ಅಪ್ಪ ಮೂರನೆಯದರಲ್ಲಿ ಸೋಲುತ್ತಾನೆ. ಮಗಳ ಹೊಸ ಕೋಣೆಯ ಮಾತು ಬಂದೊಡನೆ ಅವನೊಳಗಿನ ವಾರ್ಡನ್ ಎದ್ದು ನಿಲ್ಲುತ್ತಾನೆ:

ಹೊತ್ತಾಗು | ವುದರೊಳಗೆ | ಚಿಲಕವನು | ಹಾಕಿಕೋ

ಇದೂ ಛಂದಸ್ಸಿಗೆ ಸರಿಯಾಗಿಯೇ ಇದೆ. ಹೇಳಬೇಕಾದ ಮಾತೇ ಇರಬಹುದು, ಆದರೆ ಹೇಳಲು ಬೇರೆ ಜಾಗಗಳಿವೆ. ಪೆಟ್ಟಿಗೆ ಕಟ್ಟುವಾಗ, ದಾರಿಯಲ್ಲಿ, ಫೋನಿನಲ್ಲಿ ಅಪ್ಪ ಇದನ್ನು ಹೇಗೂ ಹೇಳುತ್ತಾನೆ. ಕವಿತೆಯಲ್ಲಿ ಆಜ್ಞಾರ್ಥದ ಕ್ರಿಯಾಪದ ಬಂದರೆ ಹಿಂದಿನ ಎಂಟು ಸಾಲುಗಳೂ ಆ ಆಜ್ಞೆಗೆ ಪೀಠಿಕೆಯಾಗಿಬಿಡುತ್ತವೆ, ಇಷ್ಟೆಲ್ಲ ಹೇಳಿದ್ದು ಇದಕ್ಕಾಗಿಯೇ ಎಂದು ಮಗಳು ಓದುತ್ತಾಳೆ. ಆದ್ದರಿಂದ ಕರಡು ಮುಗಿದ ಮೇಲೆ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಓದು, ಮಾಡು, ಮರೆಯಬೇಡ, ಇರು, ಹಾಕಿಕೋ ಎಂಬ ರೂಪದವು ಕಂಡರೆ ಅವನ್ನು ತೆಗೆಯಿರಿ, ಇಲ್ಲವೇ ಸಂಗತಿಯನ್ನು ಹೇಳುವ ವಾಕ್ಯವಾಗಿ ತಿರುಗಿಸಿ. ಹಾಕಿಕೋ ಎಂಬುದು ಹಾಕುವುದು ತೆಗೆಯುವುದು ನಿನಗೆ ಸೇರಿದ್ದು ಎಂದಾದಾಗ ವಿಷಯ ಅದೇ ಇರುತ್ತದೆ, ಅಧಿಕಾರ ಮಾತ್ರ ಅಪ್ಪನ ಕೈಯಿಂದ ಮಗಳ ಕೈಗೆ ಹೋಗುತ್ತದೆ. ಮಗಳು ಮನೆ ಬಿಡುವುದೆಂದರೆ ನಿಜವಾಗಿ ಆಗುವುದೂ ಅದೇ.

ಮುಂದಿನ ಎರಡು ಸಾಲಿಗೆ ಹೀಗೊಂದು ಯೋಚನೆ ಬರಬಹುದು: ನಾ ಬಂದ ದಿನ ಬಡಿದು ಹೊರಗಡೆಯೆ ನಿಲ್ಲುವೆನು. ಒಂದು ಕಾಲದಲ್ಲಿ ತಾನು ತೆಗೆಯುತ್ತಿದ್ದ ಬಾಗಿಲ ಹೊರಗೆ ಈಗ ತಾನೇ ಕಾಯುವ ಅಪ್ಪ, ಚಿತ್ರ ಚೆನ್ನಾಗಿದೆ. ಆದರೆ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಅಪ್ಪನನ್ನೂ ಕೋಣೆಯವರೆಗೆ ಬಿಡುವುದಿಲ್ಲ, ಕೆಳಗೆ ಸಂದರ್ಶಕರ ಕೊಠಡಿಯಲ್ಲೇ ಕೂರಿಸುತ್ತಾರೆ. ಈ ಸಾಲನ್ನು ಓದಿದ ಮಗಳಿಗೆ ಮೊದಲು ನೆನಪಾಗುವುದು ಆ ನಿಯಮ, ಭಾವ ಅಲ್ಲೇ ಜಾರಿಹೋಗುತ್ತದೆ. ಅವಳು ಇನ್ನು ಮುಂದೆ ದಿನವೂ ಬಾಳುವ ಜಾಗವನ್ನು ಕುರಿತು ಬರೆಯುವಾಗ ಅಪ್ಪನ ಕಲ್ಪನೆಗಿಂತ ಅವಳ ಅನುಭವ ದೊಡ್ಡ ಪ್ರಮಾಣ. ಕೋಣೆಯಲ್ಲಿ ಅವಳೊಬ್ಬಳೇ ಇರುತ್ತಾಳೆಯೇ, ಜೊತೆಗೆ ಬೇರೆಯವರೂ ಇರುತ್ತಾರೆಯೇ, ಕಿಟಕಿಯಿಂದ ಏನು ಕಾಣುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಕಟ್ಟಿ ಹೇಳಬೇಡಿ. ಖಂಡಿತವಾಗಿ ಇರುವ ವಸ್ತುವನ್ನು ಮಾತ್ರ ಹೆಸರಿಸಿ.

ಅಪ್ಪನಿಗೆ ನಿಜವಾಗಿ ಉಳಿಯುವ ಸಂಪರ್ಕ ಫೋನು. ಇಷ್ಟು ದಿನ ಅವನು ಕಿವಿಗೊಟ್ಟದ್ದು ಸೈಕಲ್ಲಿನ ಸದ್ದಿಗೆ, ಇನ್ನು ಮುಂದೆ ಫೋನಿನ ಆಚೆಯಿಂದ ಬರುವ ಒಂದು ಸದ್ದಿಗೆ. ಮೊದಲ ನುಡಿಯಲ್ಲಿ ಸದ್ದು ಎಂಬ ಪದ ಬಂದಿರುವುದರಿಂದ ಕೊನೆಯ ಸಾಲು ಅದೇ ಪದದ ಮೇಲೆ ನಿಲ್ಲಬಹುದು, ಸೇರಿದ್ದು ಎಂಬುದಕ್ಕೆ ಪ್ರಾಸವೂ ಆಯಿತು. ಇಷ್ಟೆಲ್ಲ ತಿದ್ದುಪಡಿಯ ನಂತರ ಕವಿತೆ ಹೀಗೆ ನಿಲ್ಲುತ್ತದೆ:

ಚಿಲಕ

ನೀ ಬರುವ ತನಕವೂ ಚಿಲಕವನು ಹಾಕದೆಯೆ
ಕೂತಿದ್ದೆ ಬಾಗಿಲಲಿ ಕೆಲಸವಿರುವಂತೆ;
ಸೈಕಲ್ಲು ನಿಲ್ಲಿಸುವ ಸದ್ದಾದ ಕೂಡಲೇ
ಪತ್ರಿಕೆಯ ಹಿಡಿದಿದ್ದೆ ಓದುತಿರುವಂತೆ.

ಇನ್ನು ಮೇಲೆಂಟಕ್ಕೆ ಬೀಳುವುದು ಆ ಚಿಲಕ,
ಎಂಟರಾಚೆಗೆ ಮನೆಗೆ ಬರುವವರು ಇಲ್ಲ;
ಹಾಕಿದ್ದ ಮರೆತಂತೆ ತೆಗೆಯುವೆನು ಮತ್ತೊಮ್ಮೆ,
ಕೈಗೆ ಈ ಹೊಸ ವೇಳೆ ಅಭ್ಯಾಸವಿಲ್ಲ.

ಹಾಸ್ಟೆಲಿನ ಕೋಣೆಗೂ ಚಿಲಕವಿದೆ, ಒಳಗಡೆಗೆ,
ಹಾಕುವುದು ತೆಗೆಯುವುದು ನಿನಗೆ ಸೇರಿದ್ದು;
ಫೋನಿನಲಿ ಮಾತೆಲ್ಲ ಮುಗಿವಾಗ ರಾತ್ರಿಯಲಿ
ಕೇಳಿಸಲಿ ನೀನೆ ಹಾಕಿದ ಅದರ ಸದ್ದು.

ಇದರಲ್ಲಿ ಅಳು, ನೋವು, ಪ್ರೀತಿ, ಹೆಮ್ಮೆ ಎಂಬ ಪದಗಳು ಒಂದೂ ಇಲ್ಲ. ಬೇಕೆಂದೇ ಬಿಟ್ಟದ್ದು. ಹಕ್ಕಿ, ಗೂಡು, ರೆಕ್ಕೆಗಳೂ ಇಲ್ಲ. ಗೂಡು ಬಿಟ್ಟು ಹಾರುವ ಹಕ್ಕಿ ಈ ವಸ್ತುವಿನ ಮೇಲೆ ಬರೆದ ಎಷ್ಟೋ ಕವಿತೆಗಳಲ್ಲಿ ಕುಳಿತುಬಿಟ್ಟಿದೆ, ಅದನ್ನು ಕಂಡೊಡನೆ ಓದುವವರ ಕಣ್ಣು ಮುಂದಕ್ಕೆ ಜಾರುತ್ತದೆ. ಕೊರತೆಯೂ ಇಲ್ಲದಿಲ್ಲ. ಮುಗಿವಾಗ, ರಾತ್ರಿಯಲಿ, ತೆಗೆಯುವೆನು ಎಂಬ ರೂಪಗಳು ಮಾತಿನವಲ್ಲ, ಕಾವ್ಯದವು. ಕೂತಿದ್ದೆ ಎಂಬ ಆಡುಮಾತಿನ ಪಕ್ಕದಲ್ಲಿ ಅವು ತುಸು ಬಿಗಿಯಾಗಿ ಕೇಳಿಸುತ್ತವೆ. ಮಾತ್ರೆಯ ಕಟ್ಟಿಗೆ ನಾವು ತೆರುವ ಬೆಲೆ ಅದು. ಹನ್ನೆರಡು ಸಾಲಿಗೆ ನಾಲ್ಕೈದಕ್ಕಿಂತ ಹೆಚ್ಚಾದರೆ ಕಟ್ಟನ್ನೇ ಸಡಿಲಿಸುವುದು ಲೇಸು.

ಆರನೆಯ ಹಂತ: ಪರೀಕ್ಷಿಸುವುದು

ಕರಡನ್ನು ಎರಡು ದಿನ ಕಣ್ಣಿಗೆ ಬೀಳದಂತೆ ಇಟ್ಟು, ಮತ್ತೆ ತೆಗೆದು ಗಟ್ಟಿಯಾಗಿ ಓದಬೇಕು. ನಾಲಿಗೆ ಎಡವುವ ಜಾಗದಲ್ಲಿ ಬಹುಮಟ್ಟಿಗೆ ಮಾತ್ರೆ ಹೆಚ್ಚಿರುತ್ತದೆ ಅಥವಾ ಕಡಿಮೆ ಇರುತ್ತದೆ. ಲೆಕ್ಕ ಸರಿಯಿದ್ದೂ ಎಡವಿದರೆ ಎರಡು ಸ್ವರಗಳು ಮುಖಾಮುಖಿಯಾಗಿರಬಹುದು, ಮೇಲಿನ ಕೊನೆಯ ಸಾಲಿನ ಹಾಕಿದ ಅದರ ಎಂಬಲ್ಲಿ ಇರುವ ಹಾಗೆ. ಅಲ್ಲಿ ಉಸಿರು ತಡೆಯುವುದು ಅರ್ಥಕ್ಕೆ ಸಹಾಯ ಮಾಡುತ್ತದೆ ಎಂದು ನಾನು ಬಿಟ್ಟಿದ್ದೇನೆ, ಬೇರೆಯವರು ತಿದ್ದಬಹುದು.

ಓದುವಾಗ ಗಂಟಲು ಕಟ್ಟಿತು ಎಂಬುದನ್ನು ಸಾಲಿನ ಗುಣಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿ. ಬರೆದವನ ಗಂಟಲು ಕಟ್ಟುವುದು ನೆನಪಿನಿಂದ, ಆ ನೆನಪು ಕಾಗದದ ಮೇಲೆ ಬಂದಿದೆಯೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ. ಮನೆಯ ವಿಷಯ ಗೊತ್ತಿಲ್ಲದ ಒಬ್ಬ ಸ್ನೇಹಿತನಿಗೆ ಕವಿತೆ ಕೊಟ್ಟು, ಚೆನ್ನಾಗಿದೆಯೇ ಎಂದು ಕೇಳದೆ, ಏನು ಕಂಡಿತು ಹೇಳು ಎಂದು ಕೇಳಿ. ಒಬ್ಬ ಅಪ್ಪ ಓದುವ ನಟನೆ ಮಾಡುತ್ತ ಕೂತಿದ್ದಾನೆ ಎಂದರೆ ಕವಿತೆ ನಿಂತಿದೆ. ಮಗಳ ಮೇಲೆ ತುಂಬಾ ಪ್ರೀತಿ ಇರುವ ಅಪ್ಪ ಎಂದಷ್ಟೇ ಹೇಳಿದರೆ ಅವನಿಗೆ ಏನೂ ಕಂಡಿಲ್ಲ, ಎರಡನೆಯ ಹಂತದ ಗದ್ಯಕ್ಕೆ ಹಿಂದಿರುಗಬೇಕು.

ಇನ್ನೊಂದು ಪರೀಕ್ಷೆ ಮಗಳ ಕಡೆಯಿಂದ. ಹಾಸ್ಟೆಲಿನಲ್ಲಿ ಕಾಗದಗಳು ಗುಟ್ಟಾಗಿ ಉಳಿಯುವುದಿಲ್ಲ, ಜೊತೆಯವರು ಒಂದಲ್ಲ ಒಂದು ದಿನ ಅದನ್ನು ಓದುತ್ತಾರೆ. ಅವಳು ಎಲ್ಲರೆದುರು ನಾಚಿಕೊಳ್ಳುವಂಥ ಸಂಗತಿ ಇದ್ದರೆ, ಉದಾಹರಣೆಗೆ ಅವಳ ಹೆದರಿಕೆ, ಕಾಯಿಲೆ, ಅಂಕಪಟ್ಟಿ, ಅದನ್ನು ತೆಗೆಯಿರಿ. ಹಾಗೆಯೇ ಯಾವ ಕೋರ್ಸು, ಯಾವ ಕಾಲೇಜು ಎಂಬ ವಿಷಯದಲ್ಲಿ ಅಪ್ಪನಿಗೂ ಮಗಳಿಗೂ ಜಗಳವಾಗಿದ್ದರೆ ಕವಿತೆಯಲ್ಲಿ ಅದನ್ನು ಇತ್ಯರ್ಥ ಮಾಡಲು ಹೋಗಬಾರದು. ಕ್ಷಮೆ ಕೇಳುವುದಿದ್ದರೆ ನೇರವಾಗಿ ಬಾಯಲ್ಲಿ ಕೇಳಬೇಕು, ಇಲ್ಲವೇ ಪತ್ರ ಬರೆಯಬೇಕು. ಲಯದಲ್ಲಿ ಕೇಳಿದ ಕ್ಷಮೆ ಜಾರಿಕೊಂಡಂತೆ ಕಾಣುತ್ತದೆ.

ಕೊನೆಯ ಹಂತ: ಕೊಡುವುದು

ಶುದ್ಧಪ್ರತಿಯನ್ನು ಕೈಬರಹದಲ್ಲೇ, ಒಂದೇ ಹಾಳೆಯ ಒಂದೇ ಬದಿಗೆ, ನುಡಿಗಳ ನಡುವೆ ಒಂದು ಸಾಲಿನ ಜಾಗ ಬಿಟ್ಟು ಬರೆಯಿರಿ. ಗಣದ ಗೆರೆಗಳೂ ಅಂಕೆಗಳೂ ಕರಡಿನಲ್ಲೇ ಉಳಿಯಲಿ. ಕೆಳಗೆ ಅಪ್ಪ ಎಂದೂ ತಾರೀಖನ್ನೂ ಹಾಕಿದರೆ ಸಾಕು, ವಿವರಣೆಯ ಟಿಪ್ಪಣಿ ಬೇಡ.

ಹಾಸ್ಟೆಲಿನ ಗೇಟಿನ ಮುಂದೆ ಓದಿ ಹೇಳಬೇಡಿ, ಆ ಹೊತ್ತಿನಲ್ಲಿ ಅವಳ ಗಮನ ಕೋಣೆಯ ಬೀಗದ ಕೈ, ಹಾಸಿಗೆ, ಹೊಸ ಮುಖಗಳ ಕಡೆಗಿರುತ್ತದೆ. ಲಕೋಟೆಯಲ್ಲಿ ಹಾಕಿ, ಮೊದಲ ರಾತ್ರಿ ಅವಳು ತೆರೆದೇ ತೀರುವ ಜಾಗದಲ್ಲಿ ಇಡಿ: ಹೊದಿಕೆಯ ಮಡಿಕೆಯಲ್ಲಿ ಅಥವಾ ಮೇಲಿನ ಪುಸ್ತಕದಲ್ಲಿ. ಅದಕ್ಕೂ ಮೊದಲು ಅದರ ಫೋಟೋ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವ ಆಸೆ ಹುಟ್ಟುತ್ತದೆ. ಅವಳು ಓದುವ ಮೊದಲು ಬಂಧುಗಳೆಲ್ಲ ಓದಿದರೆ ಕವಿತೆ ಅವಳಿಗಾಗಿ ಬರೆದದ್ದಾಗಿ ಉಳಿಯುವುದಿಲ್ಲ. ಹಂಚಿಕೊಳ್ಳಲೇಬೇಕೆನಿಸಿದರೆ ಅವಳು ಓದಿದ ಮೇಲೆ, ಅವಳನ್ನು ಕೇಳಿ ಹಂಚಿಕೊಳ್ಳಿ, ಬೇಡವೆಂದರೆ ಬಿಡಿ.

ಮರುದಿನ ಫೋನು ಮಾಡಿದಾಗ ಓದಿದೆಯಾ ಎಂದು ಕೇಳಬಾರದು. ಅವಳು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಯಾವ ಸಾಲು ಯಾಕೆ ಬರೆದೆ ಎಂದು ವಿವರಿಸಲು ಹೊರಡಬೇಡಿ. ಹೇಳದಿದ್ದರೆ ರಜೆಗೆ ಬರುವವರೆಗೂ ಆ ಮಾತು ಎತ್ತಬೇಡಿ. ಕರಡಿನ ಹಾಳೆಗಳನ್ನು ಮಾತ್ರ ಎಸೆಯದೆ ಇಟ್ಟುಕೊಳ್ಳಿ, ಒಂದಕ್ಷರ ತಿದ್ದುವುದಿದೆ ಎಂದು ಆರು ತಿಂಗಳ ಮೇಲೆ ಖಂಡಿತ ಅನ್ನಿಸುತ್ತದೆ.